ಪ್ರಕಟಣೆಗೆ ಗ್ರೂಪ್ ಬೇಡ, ಪಟ್ಟಿ ಸಾಕು



ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಈ ಮೂರೂ ಕಡೆ ನಮ್ಮ ಮಾಸಿಕ ಅನುಭಾವ ಗೋಷ್ಠಿ, ಬಸವ ಜಯಂತಿಯ ಪೂರ್ವಭಾವಿ ಸಭೆ, ಪ್ರವಚನ, ದಾಸೋಹದ ಸೇವೆ ಮುಂತಾದವುಗಳ ಪ್ರಕಟಣೆ ಈಗ ವಾಟ್ಸಾಪ್‌ನಲ್ಲೇ ಹೋಗುತ್ತದೆ. ಮನೆಮನೆಗೆ ಕರಪತ್ರ ಹಂಚುವ ಕಾಲ ಬಹುಮಟ್ಟಿಗೆ ಮುಗಿಯಿತು. ಆದರೆ ಕರಪತ್ರವನ್ನು ಯಾರಿಗೆ ಕೊಡಬೇಕು, ಯಾರು ಹಂಚಬೇಕು ಎಂದು ಕುಳಿತು ಮಾತನಾಡುತ್ತಿದ್ದ ನಾವು, ವಾಟ್ಸಾಪ್ ವಿಷಯಕ್ಕೆ ಬಂದಾಗ ಹಾಗೆ ಮಾತನಾಡಿಲ್ಲ. ಯಾರೋ ಒಬ್ಬರು ಗ್ರೂಪ್ ಮಾಡುತ್ತಾರೆ, ಕೈಗೆ ಸಿಕ್ಕ ನಂಬರುಗಳನ್ನೆಲ್ಲ ಸೇರಿಸುತ್ತಾರೆ, ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಹಳ ಜನರಿಗೆ ಸುದ್ದಿ ಮುಟ್ಟಿಸುವ ಕೆಲಸಕ್ಕೆ ಗ್ರೂಪ್ ತಕ್ಕ ಸಾಧನವಲ್ಲ. ನಮ್ಮ ಗಾತ್ರದ ಬಳಗಕ್ಕೆ ಬ್ರಾಡ್‌ಕಾಸ್ಟ್ ಲಿಸ್ಟ್ ಮುಖ್ಯ ಸಾಧನವಾಗಬೇಕು, ಚಾನೆಲ್ ಅದರ ಪಕ್ಕದ ನೋಟಿಸ್ ಬೋರ್ಡ್ ಆಗಬೇಕು, ಗ್ರೂಪ್ ಎಂಬುದು ಒಟ್ಟಿಗೆ ಕೂತು ಕೆಲಸ ಮಾಡುವ ಕೆಲವೇ ಜನರಿಗೆ ಉಳಿಯಬೇಕು. ಹೀಗೇಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೂರರ ವ್ಯತ್ಯಾಸ

ಈ ಮೂರನ್ನು ಮೂರು ಪ್ರಶ್ನೆಗಳಿಂದ ಬೇರೆ ಮಾಡಿ ನೋಡಬಹುದು. ಯಾರು ಮಾತನಾಡಬಹುದು? ಯಾರ ನಂಬರು ಯಾರಿಗೆ ಕಾಣುತ್ತದೆ? ಸಂದೇಶ ಬಂದಾಗ ಅದು ಫೋನಿನಲ್ಲಿ ಎಲ್ಲಿ ಕೂರುತ್ತದೆ, ಫೋನು ಸದ್ದು ಮಾಡುತ್ತದೆಯೇ?

ಗ್ರೂಪ್ ಎಂದರೆ ಒಂದು ಸಭೆ. ಸೇರಿದವರೆಲ್ಲ ಮಾತನಾಡಬಹುದು, ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಮೊದಲು 256 ಜನ ಮಾತ್ರ ಸೇರಬಹುದಿತ್ತು, 2022ರಲ್ಲಿ ಅದು 512 ಆಗಿ, ಅದೇ ವರ್ಷದ ಕೊನೆಗೆ 1024 ಆಯಿತು. ಸಂದೇಶ ಎಲ್ಲರ ಚಾಟ್ ಪುಟದಲ್ಲೇ ಬರುತ್ತದೆ.

ಬ್ರಾಡ್‌ಕಾಸ್ಟ್ ಲಿಸ್ಟ್ ಎಂದರೆ ಟಪಾಲು. ನೀವು ಒಂದೇ ಸಲ ಬರೆಯುತ್ತೀರಿ, ಅದು ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ನೀವೇ ಅವರೊಬ್ಬರಿಗೆ ಬರೆದ ಖಾಸಗಿ ಸಂದೇಶದಂತೆ ಹೋಗುತ್ತದೆ. ಪಡೆದವರಿಗೆ ಪಟ್ಟಿಯಲ್ಲಿ ಮತ್ತಾರಿದ್ದಾರೆಂದು ತಿಳಿಯುವುದಿಲ್ಲ. ಅವರು ಉತ್ತರ ಬರೆದರೆ ಅದು ನಿಮ್ಮೊಬ್ಬರಿಗೇ ಬರುತ್ತದೆ. ಒಂದು ಪಟ್ಟಿಯಲ್ಲಿ 256 ಜನ, ಆದರೆ ಪಟ್ಟಿಗಳನ್ನು ಒಂದಕ್ಕಿಂತ ಹೆಚ್ಚು ಮಾಡಿಕೊಳ್ಳಬಹುದು. ಇದಕ್ಕೆ ಒಂದು ಕಟ್ಟುನಿಟ್ಟಾದ ಷರತ್ತಿದೆ. ಪಡೆಯುವವರು ತಮ್ಮ ಫೋನಿನಲ್ಲಿ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಸಂದೇಶ ಅವರಿಗೆ ಹೋಗುವುದೇ ಇಲ್ಲ. ಈ ಷರತ್ತಿಗೆ ಮತ್ತೆ ಬರುತ್ತೇನೆ, ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ.

ಚಾನೆಲ್ ಎಂದರೆ ನೋಟಿಸ್ ಬೋರ್ಡ್. ವಾಟ್ಸಾಪ್ ಇದನ್ನು 2023ರ ಜೂನ್‌ನಲ್ಲಿ ಘೋಷಿಸಿತು, ಸೆಪ್ಟೆಂಬರ್‌ನಲ್ಲಿ ನಮ್ಮ ದೇಶಕ್ಕೂ ತಂದಿತು. ಎಷ್ಟು ಜನ ಬೇಕಾದರೂ ಫಾಲೋ ಮಾಡಬಹುದು. ಫಾಲೋ ಮಾಡುವವರ ನಂಬರು ಪರಸ್ಪರರಿಗೆ ಕಾಣುವುದಿಲ್ಲ, ನಡೆಸುವವರ ನಂಬರೂ ಅವರಿಗೆ ಕಾಣುವುದಿಲ್ಲ. ಓದುಗರು ಒಂದು ಚಿಹ್ನೆ ಒತ್ತಬಹುದು, ಆದರೆ ಗ್ರೂಪಿನಂತೆ ಮಾತುಕತೆ ನಡೆಸಲಾಗದು. ಸಂದೇಶ ಚಾಟ್ ಪುಟಕ್ಕೆ ಬರುವುದಿಲ್ಲ, Updates ಎಂಬ ಬೇರೆ ಪುಟದಲ್ಲಿ ಕೂರುತ್ತದೆ.

ಸಭೆ, ಟಪಾಲು, ನೋಟಿಸ್ ಬೋರ್ಡ್. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಳೆದ ನನಗೆ ಇವು ಹೊಸವಲ್ಲ. ಮುಖ್ಯ ಸುತ್ತೋಲೆಯೊಂದನ್ನು ಟಪಾಲಿನಲ್ಲಿ ಕಳಿಸದೆ, ಸಭೆ ನಡೆಯುವ ಕೋಣೆಯ ಗದ್ದಲದಲ್ಲಿ ಕೂಗಿ ಹೇಳಿ ಬರುವ ಅಧಿಕಾರಿಯನ್ನು ನಾನು ಕಂಡಿಲ್ಲ. ವಾಟ್ಸಾಪ್‌ನಲ್ಲಿ ಮಾತ್ರ ನಾವೆಲ್ಲ ಹಾಗೇ ಮಾಡುತ್ತಿದ್ದೇವೆ.

ದೊಡ್ಡ ಗ್ರೂಪಿನಲ್ಲಿ ಏನಾಗುತ್ತದೆ

ಬೆಳಿಗ್ಗೆ ಆರು ಗಂಟೆಗೆ ಒಬ್ಬರು ಭಾನುವಾರದ ಗೋಷ್ಠಿಯ ಪ್ರಕಟಣೆ ಹಾಕುತ್ತಾರೆ. ಅದರ ಕೆಳಗೆ ಐವತ್ತು ಜನ ‘ಶರಣು’ ಎನ್ನುತ್ತಾರೆ. ಮತ್ತೊಬ್ಬರು ಶುಭೋದಯದ ಚಿತ್ರ ಹಾಕುತ್ತಾರೆ. ಇನ್ನೊಬ್ಬರು ಯಾವುದೋ ಮದ್ದಿನ ವಿಡಿಯೋ ಕಳಿಸುತ್ತಾರೆ. ಹತ್ತು ಗಂಟೆಗೆ ಹೊಲದಿಂದ ಬಂದು ಫೋನು ನೋಡುವವರಿಗೆ ಪ್ರಕಟಣೆ ಮೇಲೆಲ್ಲೋ ಹೂತುಹೋಗಿರುತ್ತದೆ. ಇವರಲ್ಲಿ ಯಾರ ಭಾವನೆಯನ್ನೂ ನಾನು ತಪ್ಪೆನ್ನುವುದಿಲ್ಲ. ಸಭೆಗೆ ಕರೆದ ಮೇಲೆ ಜನ ಮಾತನಾಡುವುದು ಸಹಜ. ಆದರೆ ಅದರ ಪರಿಣಾಮ ಏನೆಂದರೆ ಜನ ಗ್ರೂಪನ್ನು ಮ್ಯೂಟ್ ಮಾಡುತ್ತಾರೆ. ಗದ್ದಲವನ್ನು ಮಾತ್ರ ಮ್ಯೂಟ್ ಮಾಡಿ ಪ್ರಕಟಣೆಯನ್ನು ಉಳಿಸಿಕೊಳ್ಳಲು ದಾರಿಯಿಲ್ಲ. ಸದ್ದು ನಿಂತರೆ ಎರಡಕ್ಕೂ ನಿಲ್ಲುತ್ತದೆ.

ಇದಕ್ಕೆ ಒಂದು ಪರಿಹಾರ ಎಲ್ಲರಿಗೂ ಗೊತ್ತಿದೆ. ಗ್ರೂಪಿನ ಮಾಹಿತಿ ಪುಟದಲ್ಲಿ ಅನುಮತಿಗಳ ಜಾಗಕ್ಕೆ ಹೋಗಿ, ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಮಾಡಬಹುದು. ಈ ಸೌಲಭ್ಯ 2018ರಿಂದ ಇದೆ. ಗದ್ದಲ ಅದರಿಂದ ನಿಲ್ಲುತ್ತದೆ, ನಿಜ. ಆದರೆ ನನಗೆ ಹೆಚ್ಚು ಚಿಂತೆ ತರುವ ವಿಷಯ ಅದರಿಂದ ಪರಿಹಾರವಾಗುವುದಿಲ್ಲ.

ಅದು ನಂಬರುಗಳ ವಿಷಯ. ಏಳುನೂರು ಜನರ ಗ್ರೂಪ್ ಎಂದರೆ ಏಳುನೂರು ಜನರ ಫೋನ್ ನಂಬರುಗಳನ್ನು ಏಳುನೂರು ಜನರಿಗೂ ಕೊಟ್ಟಂತೆ. ಗ್ರೂಪಿನ ಹೆಸರೇ ನಮ್ಮ ಬಳಗದ ಹೆಸರಾಗಿರುವುದರಿಂದ, ಅದು ಯಾವ ಊರಿನ ಯಾರು ಯಾವ ವಿಚಾರದವರು ಎಂಬ ಪಟ್ಟಿಯೂ ಹೌದು. ಚೀಟಿ ವ್ಯವಹಾರದವರು, ಸೈಟ್ ಮಾರುವವರು, ಚುನಾವಣೆ ಬಂದಾಗ ಅಭ್ಯರ್ಥಿಯ ಕಡೆಯವರು, ಯಾರಾದರೂ ಒಬ್ಬರು ಒಳಗೆ ಬಂದರೆ ಸಾಕು, ಪಟ್ಟಿ ಅವರ ಕೈಯಲ್ಲಿದೆ. ನಮ್ಮ ಅಕ್ಕಂದಿರಿಗೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಇದರ ತೊಂದರೆ ಇನ್ನೂ ಹೆಚ್ಚು. ಅಪರಿಚಿತ ನಂಬರಿನಿಂದ ರಾತ್ರಿ ಸಂದೇಶ ಬಂದರೆ ಅವರು ದೂರು ಹೇಳಲು ಸಂಕೋಚಪಟ್ಟು ಸುಮ್ಮನೆ ಗ್ರೂಪ್ ಬಿಡುತ್ತಾರೆ, ಬಳಿಕ ಗೋಷ್ಠಿಗೂ ಬರುವುದಿಲ್ಲ. ಹೆಣ್ಣು ಗಂಡು ಭೇದವಿಲ್ಲದೆ ಎಲ್ಲರೂ ಕೂಡಿ ಕೂರಬೇಕೆನ್ನುವ ನಾವು, ಕೂರಲು ಬರುವ ದಾರಿಯಲ್ಲೇ ಮುಳ್ಳು ಹಾಕಬಾರದು. ಪ್ರಕಟಣೆ ಓದಲು ಯಾರೂ ತಮ್ಮ ನಂಬರನ್ನು ಊರಿಗೆಲ್ಲ ಕೊಡಬೇಕಾಗಿಲ್ಲ.

ಚಾನೆಲ್ ಒಂದೇ ಸಾಕಲ್ಲವೇ?

ನಂಬರು ಮುಚ್ಚಿರುತ್ತದೆ, ಜನರಿಗೆ ಮಿತಿಯಿಲ್ಲ, ಗದ್ದಲವಿಲ್ಲ. ಹಾಗಿದ್ದರೆ ಎಲ್ಲರನ್ನೂ ಚಾನೆಲ್‌ಗೇ ಒಯ್ಯೋಣ ಎಂದು ಯುವಕರು ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ.

ಉಳಿದರ್ಧ ಹೀಗಿದೆ. ಚಾನೆಲ್ ಫಾಲೋ ಮಾಡಿದ ಕೂಡಲೇ ಅದು ಮ್ಯೂಟ್ ಸ್ಥಿತಿಯಲ್ಲೇ ಇರುತ್ತದೆ. ಗಂಟೆಯ ಚಿಹ್ನೆಯನ್ನು ತಾವೇ ಒತ್ತಿ ಸದ್ದು ಬರುವಂತೆ ಮಾಡಿಕೊಂಡವರಿಗೆ ಮಾತ್ರ ಸೂಚನೆ ಬರುತ್ತದೆ. ಉಳಿದವರು Updates ಪುಟ ತೆರೆದು, ಹತ್ತಾರು ಚಾನೆಲ್‌ಗಳ ನಡುವೆ ನಮ್ಮದನ್ನು ಹುಡುಕಿ ನೋಡಬೇಕು. ಅರವತ್ತು ದಾಟಿದ ನಮ್ಮ ಶರಣರಲ್ಲಿ ಅನೇಕರು ಆ ಪುಟವನ್ನು ತೆರೆದೇ ಇರುವುದಿಲ್ಲ. ಇನ್ನೊಂದು ಕೊರತೆ, ಯಾರು ನೋಡಿದರು ಎಂಬುದು ನಡೆಸುವವರಿಗೆ ಹೆಸರಿನಿಂದ ತಿಳಿಯುವುದಿಲ್ಲ. ಒಂದು ಸಂಖ್ಯೆ ಕಾಣಬಹುದು, ಅಷ್ಟೆ. ಸಂಖ್ಯೆ ನೂರೈವತ್ತು ಎಂದು ತೋರಿಸಿದರೆ, ಉಳಿದ ಐನೂರೈವತ್ತು ಜನ ಯಾರೆಂದು ಕಂಡುಹಿಡಿದು ಫೋನ್ ಮಾಡಲು ಸಾಧ್ಯವಿಲ್ಲ.

ಚಾನೆಲ್ ನಮ್ಮ ಹಳೆಯ ಪ್ರಕಟಣೆಗಳ ಭಂಡಾರವಾಗುತ್ತದೆ ಎಂಬ ನಂಬಿಕೆಯೂ ಬೇಡ. ಪ್ರಾರಂಭಿಸಿದಾಗ ಕಂಪನಿ ಹೇಳಿದ ಪ್ರಕಾರ ಚಾನೆಲ್ ಸಂದೇಶಗಳನ್ನು ತನ್ನಲ್ಲಿ ಇಟ್ಟುಕೊಳ್ಳುವುದು 30 ದಿನಗಳವರೆಗೆ ಮಾತ್ರ. ಉಳಿಸಬೇಕಾದ್ದನ್ನು ನಾವೇ ಬೇರೆ ಕಡೆ ಉಳಿಸಿಕೊಳ್ಳಬೇಕು.

ಹಾಗಾದರೆ ಚಾನೆಲ್ ಯಾವುದಕ್ಕೆ? ನಮ್ಮ ಪಟ್ಟಿಯಲ್ಲಿ ಇಲ್ಲದವರಿಗೆ. ಬೆಂಗಳೂರಿಗೆ ಹೋದ ಮಕ್ಕಳಿಗೆ, ಬೇರೆ ತಾಲ್ಲೂಕಿನವರಿಗೆ, ನಮ್ಮ ವಿಚಾರದ ಬಗ್ಗೆ ಕುತೂಹಲವಿದ್ದೂ ಹೆಸರು ಕೊಡಲು ಇನ್ನೂ ಸಿದ್ಧರಿಲ್ಲದವರಿಗೆ. ಅಲ್ಲಿಂದ ಯಾರಾದರೂ ಪ್ರಕಟಣೆಯನ್ನು ಮುಂದೆ ಕಳಿಸಿದರೆ ಅದರೊಡನೆ ಚಾನೆಲ್‌ಗೆ ಬರುವ ದಾರಿಯೂ ಹೋಗುತ್ತದೆ. ಬೋರ್ಡಿನ ಕೆಲಸ ಅದು, ದಾರಿಹೋಕರಿಗೂ ಕಾಣುವುದು.

ಒಂದು ಲೆಕ್ಕ ಮಾಡಿ ನೋಡೋಣ

ಬಳ್ಳಾರಿ ನಗರದಲ್ಲಿ 400 ಮನೆ, ಸಿರುಗುಪ್ಪದಲ್ಲಿ 180, ಕುರುಗೋಡಿನಲ್ಲಿ 120, ಒಟ್ಟು 700 ಮನೆಗಳಿಗೆ ಪ್ರಕಟಣೆ ಮುಟ್ಟಬೇಕು ಎಂದುಕೊಳ್ಳೋಣ. ಒಂದು ಪಟ್ಟಿಗೆ 256ರ ಮಿತಿ ಇರುವುದರಿಂದ ಬಳ್ಳಾರಿಗೆ 200ರಂತೆ ಎರಡು ಪಟ್ಟಿ, ಸಿರುಗುಪ್ಪಕ್ಕೆ ಒಂದು, ಕುರುಗೋಡಿಗೆ ಒಂದು, ಒಟ್ಟು ನಾಲ್ಕು ಪಟ್ಟಿ ಸಾಕು. 256 ತುಂಬುವವರೆಗೆ ಹಾಕಬೇಡಿ, ಹೊಸಬರಿಗೆ ಜಾಗ ಉಳಿಸಿ. ಊರೂರಿಗೆ ಬೇರೆ ಮಾಡುವುದರಿಂದ ಇನ್ನೊಂದು ಅನುಕೂಲವಿದೆ. ಗೋಷ್ಠಿ ಕುರುಗೋಡಿನಲ್ಲಿದ್ದರೆ, ಬಳ್ಳಾರಿಯಿಂದ ವಾಹನ ಎಷ್ಟು ಗಂಟೆಗೆ ಎಂಬುದು ಬಳ್ಳಾರಿಯವರಿಗೆ ಮಾತ್ರ ಬೇಕು. ಸಿರುಗುಪ್ಪದವರಿಗೆ ಅವರ ವಾಹನದ ಸಮಯ ಬೇಕು. ಕುರುಗೋಡಿನವರಿಗೆ ದಾಸೋಹದ ಅಡುಗೆಗೆ ಯಾರು ಎಷ್ಟು ಹೊತ್ತಿಗೆ ಬರಬೇಕೆಂಬುದು ಬೇಕು.

ಪಟ್ಟಿ ಮಾಡುವುದು ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ಚಾಟ್ ಪುಟದ ಮೇಲ್ತುದಿಯ ಮೂರು ಚುಕ್ಕೆ ಒತ್ತಿ, New broadcast ಎಂಬುದನ್ನು ಆರಿಸಿ, ಹೆಸರುಗಳನ್ನು ಗುರುತು ಮಾಡಿದರೆ ಆಯಿತು. ಕಷ್ಟವಿರುವುದು ಆ 700 ಮನೆಯವರು ನಮ್ಮ ನಂಬರನ್ನು ಸೇವ್ ಮಾಡಿಕೊಳ್ಳುವಂತೆ ಮಾಡುವುದರಲ್ಲಿ. ‘ಎಲ್ಲರೂ ಸೇವ್ ಮಾಡಿಕೊಳ್ಳಿ’ ಎಂದು ಸಂದೇಶ ಹಾಕಿದರೆ ಆಗುವುದಿಲ್ಲ, ಸೇವ್ ಮಾಡದವರಿಗೆ ಆ ಸಂದೇಶವೇ ಬ್ರಾಡ್‌ಕಾಸ್ಟ್‌ನಲ್ಲಿ ಹೋಗದು. ಇದನ್ನು ಗೋಷ್ಠಿ ನಡೆಯುವಾಗ ಎದುರಿಗೇ ಮಾಡಬೇಕು. ಬಾಗಿಲಲ್ಲಿ ಇಬ್ಬರು ಯುವಕರು ಕೂರಲಿ. ಬಂದವರ ಫೋನಿನಲ್ಲಿ ನಂಬರನ್ನು ಒಂದೇ ಹೆಸರಿನಿಂದ ಸೇವ್ ಮಾಡಿಕೊಡಲಿ, ಅವರ ಫೋನಿನಿಂದಲೇ ನಮ್ಮ ನಂಬರಿಗೆ ಹೆಸರು ಮತ್ತು ಓಣಿ ಬರೆದ ಒಂದು ಸಂದೇಶ ಕಳಿಸಲಿ. ಆ ಸಂದೇಶವೇ ಅವರ ಒಪ್ಪಿಗೆಯ ದಾಖಲೆ, ಅದೇ ನಮಗೆ ಅವರನ್ನು ಪಟ್ಟಿಗೆ ಸೇರಿಸಲು ಆಧಾರ. ಒಪ್ಪದವರನ್ನು ಸೇರಿಸುವ ಪ್ರಶ್ನೆಯೇ ಬರುವುದಿಲ್ಲ. ಮೂರು ಊರಿನ ಎರಡೆರಡು ಗೋಷ್ಠಿಗಳಲ್ಲಿ ಹೀಗೆ ಕೂತರೆ ಬಹುಪಾಲು ಕೆಲಸ ಆಗುತ್ತದೆ, ಉಳಿದವರ ಮನೆಗೆ ಹೋಗಬೇಕು.

ಪ್ರಕಟಣೆಯ ಒಕ್ಕಣೆಗೂ ಒಂದು ಶಿಸ್ತು ಬೇಕು. ಹೀಗಿರಲಿ: ‘ಪ್ರಕಟಣೆ 7/2025. 16-11-2025, ಭಾನುವಾರ ಬೆಳಿಗ್ಗೆ 10:30ಕ್ಕೆ ಕುರುಗೋಡಿನಲ್ಲಿ ಅನುಭಾವ ಗೋಷ್ಠಿ. ಮಧ್ಯಾಹ್ನ 1:30ಕ್ಕೆ ದಾಸೋಹ. ಬಳ್ಳಾರಿಯಿಂದ ವಾಹನ ಬೆಳಿಗ್ಗೆ 9ಕ್ಕೆ. ಬರುವವರು ಎಷ್ಟು ಜನ ಎಂದು ಶುಕ್ರವಾರ ಸಂಜೆಯೊಳಗೆ ಇದಕ್ಕೇ ಉತ್ತರ ಬರೆಯಿರಿ.’ ಸಂಖ್ಯೆ ಏಕೆಂದರೆ, ಸ್ಥಳ ಬದಲಾದರೆ ‘ಪ್ರಕಟಣೆ 7ಕ್ಕೆ ತಿದ್ದುಪಡಿ’ ಎಂದು ಬರೆಯಬಹುದು. ಇಸವಿ, ವಾರ ಏಕೆಂದರೆ, ನಮ್ಮ ಸಂದೇಶವನ್ನು ಯಾರೋ ಮುಂದೆ ಕಳಿಸುತ್ತಾರೆ, ಅದು ತಿಂಗಳುಗಟ್ಟಲೆ ಅಲೆಯುತ್ತದೆ. ‘ಬರುವ ಭಾನುವಾರ’ ಎಂದು ಮಾತ್ರ ಬರೆದಿದ್ದರೆ ಮುಂದಿನ ವರ್ಷ ಯಾರೋ ಖಾಲಿ ಸಭಾಂಗಣದ ಮುಂದೆ ಬಂದು ನಿಲ್ಲುತ್ತಾರೆ.

ಉತ್ತರಗಳು ಒಂದೊಂದಾಗಿ ನಮಗೇ ಬರುವುದರಿಂದ, ‘ಮೂವರು ಬರುತ್ತೇವೆ’ ‘ಅಜ್ಜಿಗೆ ಆರಾಮಿಲ್ಲ, ಬರಲಾಗದು’ ಎಂದು ಜನ ಸಂಕೋಚವಿಲ್ಲದೆ ಬರೆಯುತ್ತಾರೆ. ಏಳುನೂರು ಜನರ ಎದುರಿಗೆ ಹೀಗೆ ಬರೆಯುವವರು ಕಡಿಮೆ. ದಾಸೋಹಕ್ಕೆ ಅಕ್ಕಿ ಎಷ್ಟು ಇಡಬೇಕೆಂಬ ಲೆಕ್ಕ ಈ ಉತ್ತರಗಳಿಂದ ಸಿಗುತ್ತದೆ.

ಕೊನೆ ಭಾಗದಲ್ಲಿ ಅಳೆಯಬೇಕು

ಸಿರುಗುಪ್ಪದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತುಂಗಭದ್ರಾ ಕಾಲುವೆಯ ತಲೆಯಲ್ಲಿ ನೀರು ಬಿಟ್ಟ ಮಾತ್ರಕ್ಕೆ ಕೊನೆ ಭಾಗದ ಹೊಲಕ್ಕೆ ನೀರು ಬಂದಂತಲ್ಲ. ನಡುವೆ ಎಲ್ಲಿ ಸೋರಿತು, ಎಲ್ಲಿ ತಡೆಯಿತು ಎಂದು ಕೊನೆಯಲ್ಲಿ ನಿಂತು ಅಳೆದವರಿಗೇ ಗೊತ್ತು. ಪ್ರಕಟಣೆಯೂ ಹಾಗೆಯೇ. ಬ್ರಾಡ್‌ಕಾಸ್ಟ್ ಲಿಸ್ಟಿನ ದೊಡ್ಡ ಗುಣವೆಂದರೆ, ಕೊನೆ ಭಾಗದಲ್ಲಿ ಹೆಸರು ಹೆಸರಿನಿಂದ ಅಳೆಯಬಹುದು.

ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ, ಯಾರು ಓದಿದರು, ಯಾರಿಗೆ ತಲುಪಿತು ಎಂಬ ಎರಡು ಪಟ್ಟಿ ಕಾಣುತ್ತದೆ. ಕುರುಗೋಡಿನ 120ರಲ್ಲಿ ಒಂದು ದಿನ ಕಳೆದ ಮೇಲೆ 84 ಜನ ಓದಿದ್ದಾರೆ, 21 ಜನರಿಗೆ ತಲುಪಿದೆ ಆದರೆ ಓದಿದ ಗುರುತಿಲ್ಲ, 15 ಹೆಸರು ಎರಡರಲ್ಲೂ ಇಲ್ಲ ಎಂದುಕೊಳ್ಳಿ. 84ರ ಬಗ್ಗೆ ಚಿಂತೆಯಿಲ್ಲ. 21ರಲ್ಲಿ ಕೆಲವರು ನೀಲಿ ಟಿಕ್ ಬರದಂತೆ ಫೋನಿನಲ್ಲಿ ಮಾಡಿಕೊಂಡವರಿರುತ್ತಾರೆ, ಅವರು ಓದಿದರೂ ನಮಗೆ ತೋರದು. ಆದ್ದರಿಂದ ಅವರನ್ನು ಓದಿಲ್ಲವೆಂದು ಗದರುವುದು ಬೇಡ, ತಲುಪಿದೆ ಎಂದು ತಿಳಿದರೆ ಸಾಕು.

ಕೆಲಸವಿರುವುದು ಆ 15ರಲ್ಲಿ. ಅದಕ್ಕೆ ಎರಡು ಕಾರಣವಿರಬಹುದು. ಫೋನು ಆಫ್ ಆಗಿರಬಹುದು, ಡೇಟಾ ಮುಗಿದಿರಬಹುದು. ಇಲ್ಲವೇ ನಮ್ಮ ನಂಬರು ಅವರಲ್ಲಿ ಸೇವ್ ಆಗಿಲ್ಲದಿರಬಹುದು, ಫೋನು ಬದಲಿಸಿದಾಗ ಅಳಿಸಿಹೋಗಿರಬಹುದು. ಯಾವುದೆಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಅದೇ ವ್ಯಕ್ತಿಗೆ ಬೇರೆಯಾಗಿ, ನೇರವಾಗಿ ಒಂದು ಸಂದೇಶ ಕಳಿಸಿ. ನೇರ ಸಂದೇಶಕ್ಕೆ ಎರಡು ಟಿಕ್ ಬಂದು, ಬ್ರಾಡ್‌ಕಾಸ್ಟ್ ಒಂದೇ ಟಿಕ್‌ನಲ್ಲಿ ನಿಂತಿದ್ದರೆ, ನಂಬರು ಸೇವ್ ಆಗಿಲ್ಲ. ಎರಡೂ ಒಂದೇ ಟಿಕ್‌ನಲ್ಲಿ ನಿಂತಿದ್ದರೆ ಅವರ ಫೋನಿಗೆ ನೆಟ್ ಸಿಕ್ಕಿಲ್ಲ, ಅಥವಾ ಅವರು ನಮ್ಮನ್ನು ಬ್ಲಾಕ್ ಮಾಡಿದ್ದಾರೆ. ಮೊದಲನೆಯವರ ಮನೆಗೆ ಹೋಗಿ ನಂಬರು ಸೇವ್ ಮಾಡಿಸಬೇಕು. ಎರಡನೆಯವರಿಗೆ ಫೋನ್ ಮಾಡಬೇಕು. ಹೀಗೆ ಹದಿನೈದು ಹೆಸರನ್ನು ಆಯಾ ಓಣಿಯ ಇಬ್ಬರಿಗೆ ಹಂಚಿದರೆ ಅರ್ಧ ಗಂಟೆಯ ಕಾಯಕ. ಗ್ರೂಪಿನಲ್ಲಿ ಇದನ್ನು ಮಾಡಬಹುದಾದರೂ ಗದ್ದಲದ ನಡುವೆ ಯಾರೂ ಮಾಡುವುದಿಲ್ಲ, ಚಾನೆಲ್‌ನಲ್ಲಿ ಮಾಡಲು ಬರುವುದೇ ಇಲ್ಲ.

ಕೀಪ್ಯಾಡ್ ಫೋನಿನ ಹಿರಿಯರು ಈ ಮೂರರಲ್ಲಿ ಯಾವುದಕ್ಕೂ ಸಿಗುವುದಿಲ್ಲ. ಅವರ ಹೆಸರುಗಳನ್ನು ಕಾಗದದಲ್ಲಿ ಬೇರೆ ಬರೆದಿಟ್ಟು, ಒಬ್ಬೊಬ್ಬರಿಗೆ ಹತ್ತು ಮನೆಯಂತೆ ಕರೆ ಮಾಡುವ ಜವಾಬ್ದಾರಿ ಕೊಡಬೇಕು. ಅವರನ್ನು ಬಿಟ್ಟು ‘ಎಲ್ಲರಿಗೂ ತಿಳಿಸಿದೆವು’ ಎನ್ನಬಾರದು.

ನಂಬರು ಸಂಸ್ಥೆಯದಾಗಿರಲಿ

ಬ್ರಾಡ್‌ಕಾಸ್ಟ್ ಲಿಸ್ಟಿಗೆ ಒಂದು ದೌರ್ಬಲ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಗ್ರೂಪಿಗೆ, ಚಾನೆಲ್‌ಗೆ ಒಬ್ಬರಿಗಿಂತ ಹೆಚ್ಚು ಅಡ್ಮಿನ್ ಇರಬಹುದು, ಒಬ್ಬರು ಬಿಟ್ಟರೆ ಇನ್ನೊಬ್ಬರು ನಡೆಸುತ್ತಾರೆ. ಬ್ರಾಡ್‌ಕಾಸ್ಟ್ ಲಿಸ್ಟ್ ಒಂದೇ ನಂಬರಿಗೆ ಅಂಟಿಕೊಂಡಿರುತ್ತದೆ. ಕಾರ್ಯದರ್ಶಿಯ ಸ್ವಂತ ನಂಬರಿನಿಂದ ನಡೆಸಿದರೆ, ಅವರು ಬದಲಾದ ದಿನ 700 ಮನೆಯವರೂ ಹೊಸ ನಂಬರು ಸೇವ್ ಮಾಡಬೇಕು. ಮತ್ತೆ ಬಾಗಿಲಲ್ಲಿ ಕೂರುವ ಕೆಲಸ ಮೊದಲಿನಿಂದ ಆರಂಭ. ಆದ್ದರಿಂದ ಮೊದಲ ದಿನವೇ ಸಂಸ್ಥೆಯ ಹೆಸರಿನಲ್ಲಿ ಬೇರೆ ಸಿಮ್ ತೆಗೆದುಕೊಳ್ಳಬೇಕು, ಬೇರೆ ಫೋನಿನಲ್ಲಿ ಇಡಬೇಕು, ರೀಚಾರ್ಜ್ ತಪ್ಪದಂತೆ ಖರ್ಚಿನ ಪುಸ್ತಕದಲ್ಲಿ ಬರೆಯಬೇಕು. ಹೆಸರುಗಳ ಪಟ್ಟಿಯ ಒಂದು ಪ್ರತಿ ರಿಜಿಸ್ಟರಿನಲ್ಲೂ ಇರಲಿ. ಕಾರ್ಯದರ್ಶಿ ಬದಲಾದರೆ ಫೋನು ಕೈ ಬದಲಾಗುತ್ತದೆ, ನಂಬರು ಬದಲಾಗುವುದಿಲ್ಲ.

ಆ ನಂಬರಿನಿಂದ ಪ್ರಕಟಣೆ ಬಿಟ್ಟು ಬೇರೇನೂ ಹೋಗಬಾರದು. ಶುಭಾಶಯವೂ ಬೇಡ, ಚಿತ್ರವೂ ಬೇಡ. ತಿಂಗಳಿಗೆ ಮೂರೋ ನಾಲ್ಕೋ ಪ್ರಕಟಣೆ ಸಾಕು. ಜನ ಬೇಸತ್ತು ಬ್ಲಾಕ್ ಮಾಡಿ ದೂರು ಒತ್ತಿದರೆ ವಾಟ್ಸಾಪ್ ಆ ನಂಬರನ್ನೇ ನಿಲ್ಲಿಸಬಹುದು. ವ್ಯಾಪಾರದ ಸಂದೇಶಗಳ ಹಾವಳಿ ತಡೆಯಲು, ಒಬ್ಬರು ತಿಂಗಳಿಗೆ ಎಷ್ಟು ಬ್ರಾಡ್‌ಕಾಸ್ಟ್ ಕಳಿಸಬಹುದೆಂಬುದಕ್ಕೆ ಮಿತಿ ಹಾಕುವ ಪ್ರಯೋಗವನ್ನೂ ಕಂಪನಿ ಮಾಡಿದೆ. ನಾಲ್ಕು ಪಟ್ಟಿಗೆ ಒಂದು ಪ್ರಕಟಣೆ ಎಂದರೆ ನಾಲ್ಕು ಬ್ರಾಡ್‌ಕಾಸ್ಟ್ ಎಂಬುದು ನೆನಪಿರಲಿ.

ತುರ್ತಿಗೆ ಬೇರೆ ದಾರಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದೇ ಕಡೆ ಒತ್ತಡ ಬೀಳದಂತೆ ಉಳಿದ ಗೇಟುಗಳನ್ನೂ ತೆರೆದು ನದಿಗೆ ನೀರು ಬಿಡಬೇಕಾಯಿತು. ಸಿರುಗುಪ್ಪ ತಾಲ್ಲೂಕಿನ ನದಿ ದಂಡೆಯ ಊರುಗಳು ಆ ನೀರಿನ ಹಾದಿಯಲ್ಲೇ ಇವೆ. ಅಂಥ ರಾತ್ರಿ ಮ್ಯೂಟ್ ಆಗಿರುವ ಚಾನೆಲ್ ಯಾರನ್ನೂ ಎಬ್ಬಿಸುವುದಿಲ್ಲ. ಬ್ರಾಡ್‌ಕಾಸ್ಟ್ ಸಂದೇಶವನ್ನೂ ಮಲಗಿದವರು ಬೆಳಿಗ್ಗೆಯೇ ನೋಡುತ್ತಾರೆ. ಆಗ ಬೇಕಾದ್ದು ಫೋನ್ ಕರೆ, ಗುಡಿಯ ಮೈಕು, ಡಂಗುರ. ಸರ್ಕಾರದ ಬಳಿ ಇನ್ನೊಂದು ಸಾಧನವಿದೆ. 2023ರ ಅಕ್ಟೋಬರ್‌ನಲ್ಲಿ ನಮ್ಮ ಫೋನುಗಳು ಜೋರಾಗಿ ಕೂಗಿ ಪರೀಕ್ಷಾ ಸಂದೇಶ ತೋರಿಸಿದ್ದು ಅನೇಕರಿಗೆ ನೆನಪಿರಬಹುದು. ಅದನ್ನು ಸೆಲ್ ಬ್ರಾಡ್‌ಕಾಸ್ಟ್ ಎನ್ನುತ್ತಾರೆ. ಯಾರ ನಂಬರೂ ಬೇಡ, ಟವರಿನ ವ್ಯಾಪ್ತಿಯ ಫೋನುಗಳಿಗೆಲ್ಲ ಒಮ್ಮೆಗೇ ಹೋಗುತ್ತದೆ. ಹೆಸರಿನಲ್ಲಿ ಬ್ರಾಡ್‌ಕಾಸ್ಟ್ ಎಂದಿದ್ದರೂ ನಮ್ಮ ವಾಟ್ಸಾಪ್ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ, ಅದು ನಮ್ಮ ಕೈಯಲ್ಲೂ ಇಲ್ಲ. ಓಣಿಗೆ ಹತ್ತು ಮನೆಯಂತೆ ಕರೆ ಮಾಡುವವರ ಆ ಕಾಗದದ ಪಟ್ಟಿ ಇಂಥ ಹೊತ್ತಿಗೂ ಕೆಲಸಕ್ಕೆ ಬರುತ್ತದೆ.

ಆತ್ಮೀಯತೆ ಹೋಗುವುದಿಲ್ಲವೇ?

‘ಗ್ರೂಪ್ ಮುಚ್ಚಿದರೆ ಬಂಧುಗಳ ನಡುವಿನ ಮಾತು ನಿಂತುಹೋಗುತ್ತದೆ’ ಎಂಬ ಆಕ್ಷೇಪ ಬರುತ್ತದೆ. ಅದಕ್ಕೆ ನನ್ನ ಉತ್ತರ ಹೀಗಿದೆ. ಅನುಭವ ಮಂಟಪದ ಪರಂಪರೆಯವರು ನಾವು, ಮಾತುಕತೆ ನಮಗೆ ಬೇಕೇ ಬೇಕು. ಆದರೆ ಮಾತುಕತೆಗೆ ಪರಸ್ಪರ ಗುರುತಿರುವ ಇಪ್ಪತ್ತು ಮೂವತ್ತು ಜನ ಬೇಕು, ಏಳುನೂರು ಜನರ ಗ್ರೂಪಿನಲ್ಲಿ ನಡೆಯುವುದು ಮಾತುಕತೆಯಲ್ಲ. ಬಸವ ಜಯಂತಿ ಸಮಿತಿಗೆ ಒಂದು ಗ್ರೂಪ್, ದಾಸೋಹ ನಡೆಸುವವರಿಗೆ ಒಂದು, ವಚನ ಅಧ್ಯಯನದ ಅಕ್ಕಂದಿರಿಗೆ ಒಂದು ಇರಲಿ. ಕೆಲಸ ಮುಗಿದ ಸಮಿತಿಯ ಗ್ರೂಪನ್ನು ಮುಚ್ಚಲಿ.

ಇನ್ನೊಂದು ಆಕ್ಷೇಪ, ನಂಬರು ಸೇವ್ ಮಾಡಿಸುತ್ತಾ ಓಡಾಡಲು ನಮ್ಮಲ್ಲಿ ಜನರಿಲ್ಲ ಎಂಬುದು. ಇದು ನ್ಯಾಯವಾದ ಮಾತು. ಅಂಥ ಊರಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಗ್ರೂಪೇ ಸದ್ಯಕ್ಕೆ ಮೇಲು, ಅದಕ್ಕೆ ಸೇವ್ ಮಾಡಿಸುವ ಕಷ್ಟವಿಲ್ಲ. ಹಾಗೆ ಮಾಡುವವರು ವಾಟ್ಸಾಪ್‌ನ ಕಮ್ಯುನಿಟಿ ಎಂಬ ಸೌಲಭ್ಯ ಬಳಸಲಿ. ಅದರ ಪ್ರಕಟಣೆಯ ಗ್ರೂಪಿನಲ್ಲಿ ಸದಸ್ಯರ ನಂಬರು ಉಳಿದ ಸದಸ್ಯರಿಗೆ ಕಾಣುವುದಿಲ್ಲ, ಅಡ್ಮಿನ್‌ಗಳಿಗೆ ಮಾತ್ರ ಕಾಣುತ್ತದೆ. ಯಾವ ದಾರಿ ಹಿಡಿದರೂ ನಮ್ಮ ಅಕ್ಕತಂಗಿಯರ ನಂಬರು ಊರಿನ ಪಾಲಾಗಬಾರದು ಎಂಬುದನ್ನು ಬಿಟ್ಟುಕೊಡಬಾರದು.

ಮೂರೂ ಊರಿನ ಬಳಗಗಳು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಲಿ. ಸಿಮ್ ಯಾರ ಹೆಸರಿನಲ್ಲಿ, ಬಾಗಿಲಲ್ಲಿ ಯಾರು ಕೂರುತ್ತಾರೆ, ಮರುದಿನ ಸಂದೇಶದ ಮಾಹಿತಿ ತೆರೆದು ತಲುಪದವರ ಹೆಸರು ಬರೆದುಕೊಳ್ಳುವವರು ಯಾರು, ಈ ಮೂರಕ್ಕೆ ಹೆಸರು ಸೇರಿಸಿ ನಿರ್ಣಯ ಮಾಡಿದ ಮೇಲೆ ಹಳೆಯ ದೊಡ್ಡ ಗ್ರೂಪಿನಲ್ಲಿ ಕೊನೆಯದಾಗಿ ಹೊಸ ನಂಬರನ್ನು ತಿಳಿಸಿ, ಒಂದು ತಿಂಗಳು ಕಾದು, ಅದನ್ನು ಮುಚ್ಚಬಹುದು.